‘ಆದರೆ’, ‘ಆದರೆ ಮಾತ್ರ’, ‘ಹೊರತು’: ಸಾಫ್ಟ್‌ವೇರ್ ನಿಯಮವನ್ನು ಮೇಲ್‌ನಲ್ಲಿ ಬಿಗಿಯಾಗಿ ಬರೆಯುವ ಬಗೆ

ಶಿರಸಿಯಲ್ಲಿ ಅಡಿಕೆ ಮಾರಾಟ ಜೋರಾಗಿದ್ದ ಹೊತ್ತು. ಒಂದು ಸಹಕಾರಿ ಸಂಘದ ಟೆಂಡರ್ ವ್ಯವಹಾರಕ್ಕೆ ನಮ್ಮ ಸಣ್ಣ ತಂಡ ಸಾಫ್ಟ್‌ವೇರ್ ಮಾಡುತ್ತಿತ್ತು. ತಂಡದ ಲೀಡ್ ನಾನು. ಕೋಡ್ ಬರೆಯುವ ಹುಡುಗ ಕಾರವಾರದಲ್ಲಿ, ಟೆಸ್ಟಿಂಗ್ ನೋಡುವ ಹುಡುಗಿ ಕುಮಟಾದಲ್ಲಿ. ಮೂವರೂ ಒಂದೇ ಕೋಣೆಯಲ್ಲಿ ಕೂರುವುದು ತಿಂಗಳಿಗೊಮ್ಮೆ. ಉಳಿದಂತೆ ನಾನು ಬರೆದ ಮೇಲ್ ಏನು ಹೇಳುತ್ತದೋ ಅದೇ ನಿಯಮ.

ಆ ದಿನ ಹೀಗೆ ಒಂದು ಸಾಲು ಬರೆದು ಕಳಿಸಿದೆ:

“ಲಾಟ್ ಮಾರಾಟ ಖಚಿತವಾದರೆ ಅದೇ ದಿನ ಬೆಳೆಗಾರರ ಖಾತೆಗೆ ಹಣ ಜಮಾ ಆಗಬೇಕು.”

ಲಾಟ್ ಎಂದರೆ ಒಬ್ಬ ಬೆಳೆಗಾರ ಟೆಂಡರಿಗೆ ಇಟ್ಟ ಅಡಿಕೆ ಚೀಲಗಳ ಒಂದು ಗುಂಪು. ಓದಿದರೆ ಏನೂ ತಪ್ಪು ಕಾಣುವುದಿಲ್ಲ ಅಲ್ವಾ? ನನಗೂ ಕಾಣಲಿಲ್ಲ. ಪ್ರಯೋಗಕ್ಕೆ ಬಿಟ್ಟ ಮೂರನೇ ದಿನ ಸಂಘದ ಕಾರ್ಯದರ್ಶಿಯವರ ಫೋನ್ ಬಂತು. “ತಂಗಿ, ದರ ಒಪ್ಪದೆ ಚೀಲ ವಾಪಸ್ ತಗೊಂಡು ಹೋದವರ ಖಾತೆಗೂ ದುಡ್ಡು ತೋರಿಸ್ತಾ ಇದೆ ನೋಡು” ಎಂದರು. ಕಾರವಾರಕ್ಕೆ ಫೋನ್ ಮಾಡಿದೆ. ಅವನು ಸಮಾಧಾನದಿಂದಲೇ ಹೇಳಿದ: “ಅಕ್ಕಾ, ಖಚಿತ ಆಗದಿದ್ರೆ ಹಾಕಬಾರದು ಅಂತ ಮೇಲ್‌ನಲ್ಲಿ ಇಲ್ಲ. ಟೆಂಡರ್ ಮುಗಿದ ಕೂಡಲೇ ಎಲ್ಲ ಲಾಟಿಗೂ ಜಮಾ ಓಡತ್ತೆ. ಖಚಿತ ಆದದ್ದೂ ಅದರಲ್ಲೇ ಬಂತಲ್ಲ.”

ಮೇಲನ್ನು ಮತ್ತೆ ಓದಿದೆ. ಅವನು ಹೇಳಿದ್ದು ಸರಿ. ಅವಸರದಲ್ಲಿ ‘ಮಾತ್ರ’ ಸೇರಿಸಿ ಮತ್ತೆ ಕಳಿಸಿದೆ: “ಮಾರಾಟ ಖಚಿತವಾದರೆ ಮಾತ್ರ ಅದೇ ದಿನ ಹಣ ಜಮಾ ಆಗಬೇಕು.” ಈ ಸಲ ತಪ್ಪು ಜಮಾ ನಿಂತಿತು. ಇನ್ನೊಂದು ಶುರುವಾಯಿತು. ಖಚಿತವಾದ ಲಾಟುಗಳಲ್ಲೂ ಕೆಲವಕ್ಕೆ ಹಣ ಬರಲಿಲ್ಲ. ತೂಕದ ವಿವರ ತಡವಾಗಿ ಬಂದ ಲಾಟುಗಳನ್ನು ಅವನು ಮುಂದಿನ ದಿನಕ್ಕೆ ದೂಡುತ್ತಿದ್ದ. ಟೆಸ್ಟರ್ ಹುಡುಗಿಯನ್ನು ಕೇಳಿದೆ. “ಖಚಿತ ಆಗದ್ದಕ್ಕೆ ಒಂದೂ ಜಮಾ ಆಗಿಲ್ಲ ಅಕ್ಕಾ. ನಿಯಮ ಮುರಿದಿಲ್ಲ, ಅದಕ್ಕೇ ಪಾಸ್ ಮಾಡಿದೆ” ಎಂದಳು. ಅವಳು ಹೇಳಿದ್ದೂ ಸರಿ.

ಎರಡು ಸಲವೂ ತಪ್ಪು ನನ್ನ ವಾಕ್ಯದ್ದೇ. ಆಮೇಲೆ ಒಂದು ಕ್ರಮ ಮಾಡಿಕೊಂಡೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಮೇಲ್‌ಗಳು ಕನ್ನಡದಲ್ಲೇ ಇರುತ್ತವೆ. ನಿಯಮಕ್ಕೆ ಒಪ್ಪಿಗೆ ಕೊಡುವವರು ಸಂಘದ ಕಾರ್ಯದರ್ಶಿ, ಅವರು ಓದಿ ‘ಹೌದು, ಇದೇ’ ಅನ್ನಬೇಕು. ಹಾಗಾಗಿ ಇಂಗ್ಲಿಷಿನ ಇಫ್, ಓನ್ಲಿ ಇಫ್, ಅನ್‌ಲೆಸ್ ಇವನ್ನೆಲ್ಲ ಕನ್ನಡದಲ್ಲಿ ಸೋರಿಕೆಯಿಲ್ಲದೆ ಹೇಳುವುದು ನನಗೆ ದಿನದ ಕೆಲಸ.

ಮೊದಲ ಹೆಜ್ಜೆ: ಎರಡು ಪ್ರಶ್ನೆ ಕೇಳಿ

ಯಾವ ನಿಯಮದಲ್ಲೂ ಎರಡು ತುಂಡು ಇರುತ್ತವೆ. ಒಂದು ಷರತ್ತು, ಇನ್ನೊಂದು ಕೆಲಸ. ನಮ್ಮಲ್ಲಿ ‘ಮಾರಾಟ ಖಚಿತ’ ಎಂಬುದು ಷರತ್ತು, ‘ಅದೇ ದಿನ ಜಮಾ’ ಎಂಬುದು ಕೆಲಸ. ವಾಕ್ಯ ಬರೆಯುವ ಮುಂಚೆ, ಒಪ್ಪಿಗೆ ಕೊಡುವವರನ್ನು ಈ ಎರಡು ಪ್ರಶ್ನೆ ಕೇಳಿ.

ಷರತ್ತು ಪೂರೈಸಿದೆ, ಕೆಲಸ ಆಗಿಲ್ಲ. ಇದು ತಪ್ಪೇ?

ಷರತ್ತು ಪೂರೈಸಿಲ್ಲ, ಕೆಲಸ ಆಗಿಬಿಟ್ಟಿದೆ. ಇದು ತಪ್ಪೇ?

ಮೊದಲನೆಯದು ಮಾತ್ರ ತಪ್ಪು ಎಂದರೆ ‘ಆದರೆ’ ಸಾಕು. ಎರಡನೆಯದು ಮಾತ್ರ ತಪ್ಪು ಎಂದರೆ ‘ಆದರೆ ಮಾತ್ರ’ ಬೇಕು. ಎರಡೂ ತಪ್ಪು ಎಂದರೆ ಎರಡೂ ಬೇಕು. ಇಂಗ್ಲಿಷಿನಲ್ಲಿ ‘ಇಫ್ ಅಂಡ್ ಓನ್ಲಿ ಇಫ್’ ಎನ್ನುವುದು ಈ ಮೂರನೆಯದನ್ನೇ. ನನ್ನ ಮೊದಲ ಮೇಲ್ ಮೊದಲನೇ ತಪ್ಪನ್ನಷ್ಟೇ ತಡೆಯಿತು, ಎರಡನೇ ಮೇಲ್ ಎರಡನೆಯದನ್ನಷ್ಟೇ. ‘ಮಾತ್ರ’ ಸೇರಿಸಿದರೆ ಮೊದಲಿದ್ದ ಅರ್ಥದ ಮೇಲೆ ಇನ್ನಷ್ಟು ಬಿಗಿ ಬರುತ್ತದೆ ಎಂದು ನಾನು ಅಂದುಕೊಂಡಿದ್ದೆ. ಹಾಗಲ್ಲ. ಅಕ್ಷರಶಃ ಓದುವವನಿಗೆ ‘ಮಾತ್ರ’ ಸೇರಿದ ಕೂಡಲೇ ವಾಕ್ಯದ ದಿಕ್ಕೇ ತಿರುಗುತ್ತದೆ. ‘ಆದರೆ’ ಕೆಲಸವನ್ನು ಕಡ್ಡಾಯ ಮಾಡುತ್ತದೆ. ‘ಆದರೆ ಮಾತ್ರ’ ಕೆಲಸಕ್ಕೆ ಬೇಲಿ ಹಾಕುತ್ತದೆ, ಬೇಲಿಯೊಳಗೆ ಕೆಲಸ ಆಗಲೇಬೇಕು ಎಂದು ಹೇಳುವುದಿಲ್ಲ.

ಮಾತಿನಲ್ಲಿ ಇದರಿಂದ ತೊಂದರೆ ಆಗುವುದಿಲ್ಲ. “ಬಿಸಿಲು ಬಂದ್ರೆ ಅಡಿಕೆ ಒಣಗಿಸೋಕೆ ಹಾಕ್ತೇನೆ” ಎಂದು ಮನೆಯಲ್ಲಿ ಯಾರಾದರೂ ಹೇಳಿದರೆ, ಮಳೆಯಲ್ಲಿ ಹಾಕುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಹೇಳದ ಅರ್ಧವನ್ನು ಕೇಳುವವರೇ ತುಂಬಿಕೊಳ್ಳುತ್ತಾರೆ. ಅಡಿಕೆ, ಮಳೆ, ಅಂಗಳ ಎಲ್ಲ ಅವರಿಗೆ ಗೊತ್ತಲ್ಲ. ಕಾರವಾರದಲ್ಲಿ ಕೂತು ಕೋಡ್ ಬರೆಯುವವನಿಗೆ ಟೆಂಡರ್ ಅಂಗಳ ಗೊತ್ತಿಲ್ಲ. ಅವನು ತುಂಬಿಕೊಳ್ಳಬಾರದು ಕೂಡ. ತುಂಬಿಕೊಂಡರೆ ಒಬ್ಬೊಬ್ಬರು ಒಂದೊಂದು ರೀತಿ ತುಂಬುತ್ತಾರೆ.

ಈ ಮೂರರ ವ್ಯತ್ಯಾಸ ಕೋಡಿನಲ್ಲಿ ನೋಡಿದರೆ ಕಣ್ಣಿಗೆ ಹೊಡೆಯುತ್ತದೆ. ಪೈಥಾನಿನಲ್ಲಿ `ok` ಎಂದರೆ ಷರತ್ತು, `paid` ಎಂದರೆ ಜಮಾ ಆಗಿದೆ ಎಂದಿಟ್ಟುಕೊಳ್ಳಿ. ಎರಡೂ `True` ಅಥವಾ `False`.

```python
assert (not ok) or paid    # ಆದರೆ
assert (not paid) or ok    # ಆದರೆ ಮಾತ್ರ
assert paid == ok          # ಎರಡೂ
```

ಮೊದಲ ಎರಡು ಸಾಲು ಒಂದರ ಕನ್ನಡಿ ಇನ್ನೊಂದು. ಮೂರನೆಯದು ಎರಡನ್ನೂ ಸೇರಿಸಿದ್ದು. ನಮ್ಮ ಟೆಸ್ಟರ್ ನನ್ನ ಎರಡನೇ ಮೇಲ್ ನೋಡಿ ಎರಡನೇ ಸಾಲನ್ನೇ ಬರೆದಿದ್ದಳು. ನನ್ನ ವಾಕ್ಯಕ್ಕೆ ಅದು ನಿಷ್ಠವಾದ ಪರೀಕ್ಷೆ.

ಎರಡನೇ ಹೆಜ್ಜೆ: ಕನ್ನಡದ್ದೇ ಆದ ಮೂರು ಕಡೆ ಎಚ್ಚರ

ಮೊದಲನೆಯದು ‘ಆದರೆ’ ಎಂಬ ಪದವೇ. ಅದಕ್ಕೆ ‘ಆದ ಪಕ್ಷದಲ್ಲಿ’ ಎಂಬ ಅರ್ಥವೂ ಇದೆ, ‘ಆದರೂ ಕೂಡ’ ಎನ್ನುವ ಹಾಗೆ ಮಾತು ತಿರುಗಿಸುವ ಅರ್ಥವೂ ಇದೆ. “ಮಾರಾಟ ಆದರೆ ತೂಕ ಆಗಿಲ್ಲ ಎಂದು ತೋರಿಸಿ” ಎಂದು ಬರೆದರೆ ಏನು ಮಾಡಬೇಕು? ಮಾರಾಟವಾದ ಪ್ರತಿ ಲಾಟಿಗೂ ‘ತೂಕ ಆಗಿಲ್ಲ’ ಎಂದು ತೋರಿಸಬೇಕೋ, ಅಥವಾ ಮಾರಾಟವಾಗಿ ತೂಕವಾಗದೆ ಉಳಿದವನ್ನು ಹುಡುಕಿ ತೋರಿಸಬೇಕೋ? ಮಾತಿನಲ್ಲಿ ದನಿ ಎಳೆದು ತಿಳಿಸುತ್ತೇವೆ. ಮೇಲ್‌ನಲ್ಲಿ ದನಿ ಇಲ್ಲ. ಹಾಗಾಗಿ ಷರತ್ತಿಗೆ ನಾನು ಯಾವಾಗಲೂ ‘ಆಗಿದ್ದರೆ’, ‘ಇದ್ದರೆ’ ಬಳಸುತ್ತೇನೆ. ಮಾತು ತಿರುಗಿಸುವ ‘ಆದರೆ’ ಬೇಕಾದರೆ ಅಲ್ಲಿ ಪೂರ್ಣವಿರಾಮ ಹಾಕಿ ಹೊಸ ವಾಕ್ಯ ಶುರು ಮಾಡುತ್ತೇನೆ.

ಎರಡನೆಯದು ‘ಮಾತ್ರ’ ಕೂರುವ ಜಾಗ. “ಸದಸ್ಯರಿಗೆ ಮಾತ್ರ ಅದೇ ದಿನ ಜಮಾ” ಎಂದರೆ ಸದಸ್ಯರಲ್ಲದವರಿಗೆ ಅದೇ ದಿನ ಇಲ್ಲ. “ಸದಸ್ಯರಿಗೆ ಅದೇ ದಿನ ಮಾತ್ರ ಜಮಾ” ಎಂದರೆ ಆ ದಿನ ತಪ್ಪಿದರೆ ಮುಂದೆ ಎಂದೂ ಜಮಾ ಇಲ್ಲ! ಪದ ಒಂದೇ, ಜಾಗ ಎರಡು ಪದದಷ್ಟು ಆಚೀಚೆ. ‘ಮಾತ್ರ’ ತನ್ನ ಎಡಕ್ಕಿರುವ ಪದವನ್ನು ಹಿಡಿಯುತ್ತದೆ. ಬರೆದ ಮೇಲೆ ಎಡಗಡೆಯ ಪದದ ಮೇಲೆ ಬೆರಳಿಟ್ಟು ‘ಇದಕ್ಕೇ ಬೇಲಿ ಹಾಕಬೇಕಾ?’ ಎಂದು ಕೇಳಿಕೊಳ್ಳಿ. ‘ಏ’ ಎಂದು ಒತ್ತುವ ಪ್ರತ್ಯಯಕ್ಕೂ ಇದೇ ಮಾತು. ‘ತೂಕ ಆದ ಮೇಲೆ’ ಬೇರೆ, ‘ತೂಕ ಆದ ಮೇಲೆಯೇ’ ಬೇರೆ. ಒಂದು ಅಕ್ಷರದಲ್ಲಿ ‘ಮಾತ್ರ’ ಅಡಗಿ ಕೂತಿದೆ.

ಮೂರನೆಯದು ‘ಹೊರತು’. ಇದರಲ್ಲಿ ನಾನು ಹೆಚ್ಚು ಪೆಟ್ಟು ತಿಂದಿದ್ದೇನೆ, ಹಾಗಾಗಿ ಸ್ವಲ್ಪ ನಿಂತು ನೋಡೋಣ.

“ಸಹಿ ಆಗದ ಹೊರತು ಹಣ ಬಿಡಬಾರದು.” ಈ ವಾಕ್ಯ ನಿಮಗೆ ಸಹಜವಾಗಿ ಕೇಳಿಸುತ್ತದೆ. “ಸಹಿ ಆದ ಹೊರತು ಹಣ ಬಿಡಬಾರದು.” ಇದೂ ಸಹಜವಾಗಿಯೇ ಕೇಳಿಸುತ್ತದೆ. ಎರಡಕ್ಕೂ ಅರ್ಥ ಒಂದೇ: ಸಹಿ ಇಲ್ಲದೆ ಹಣ ಇಲ್ಲ. ಒಂದರಲ್ಲಿ ‘ಆಗದ’, ಇನ್ನೊಂದರಲ್ಲಿ ಅದರ ವಿರುದ್ಧವಾದ ‘ಆದ’. ಆದರೂ ನಾವು ತಡವರಿಸುವುದಿಲ್ಲ. ಹಣ, ಸಹಿ ಎಂದರೆ ಏನೆಂದು ನಮಗೆ ಗೊತ್ತಿರುವುದರಿಂದ ಅರ್ಥ ತಾನಾಗಿ ಸರಿಯಾಗಿ ಬೀಳುತ್ತದೆ. ಈಗ ಗೊತ್ತಿಲ್ಲದ ವಿಷಯ ಹಾಕಿ ನೋಡಿ: “ಖಾತೆಗೆ ತಡೆ ಇದ್ದ ಹೊರತು ಹಣ ಜಮಾ ಮಾಡಿ.” ತಡೆ ಇದ್ದರೆ ಮಾಡಬೇಕೋ, ಇಲ್ಲದಿದ್ದರೆ ಮಾಡಬೇಕೋ? ‘ತಡೆ’ ಎಂಬ ಪದದ ಅರ್ಥ ಹಿಡಿದು ಊಹಿಸಬಹುದು. “ಗುರುತು 7 ಇದ್ದ ಹೊರತು ಜಮಾ ಮಾಡಿ” ಎಂದರೆ ಊಹೆಗೂ ದಾರಿ ಇಲ್ಲ.

ಹಾಗಾಗಿ ನಮ್ಮ ತಂಡದ ನಿಯಮ ಸರಳ. ಕ್ರಿಯಾಪದದ ಜೊತೆ ‘ಹೊರತು’ ಬಳಸುವುದಿಲ್ಲ. ಅದು ಬಂದ ಕಡೆಯೆಲ್ಲ ‘ಇಲ್ಲದಿದ್ದರೆ’, ‘ಆಗಿಲ್ಲದಿದ್ದರೆ’ ಎಂದು ಬಿಡಿಸಿ ಬರೆಯುತ್ತೇವೆ. “ಸಹಿ ಆಗದ ಹೊರತು ಬಿಡಬಾರದು” ಎಂಬುದು “ಸಹಿ ಆಗಿಲ್ಲದಿದ್ದರೆ ಹಣ ಬಿಡಬಾರದು” ಎಂದಾಗುತ್ತದೆ. “ತಡೆ ಇದ್ದ ಹೊರತು ಜಮಾ ಮಾಡಿ” ಎಂಬುದು “ತಡೆ ಇಲ್ಲದಿದ್ದರೆ ಜಮಾ ಮಾಡಿ” ಎಂದಾಗುತ್ತದೆ.

ಹೀಗೆ ಬಿಡಿಸಿದ ಮೇಲೆ ಇನ್ನೊಂದು ಸಂಗತಿ ಮೇಲೆ ಬರುತ್ತದೆ. “ಸಹಿ ಆಗಿಲ್ಲದಿದ್ದರೆ ಬಿಡಬಾರದು” ಎಂದಿದ್ದೇವೆ. ಸಹಿ ಆಗಿದ್ದರೆ ಬಿಡಲೇಬೇಕಾ? ವಾಕ್ಯ ಸುಮ್ಮನಿದೆ. ಅಂದರೆ ‘ಹೊರತು... ಬಾರದು’ ಎಂಬುದು ‘ಆದರೆ ಮಾತ್ರ’ದ ಇನ್ನೊಂದು ವೇಷ. ಹಾಗೆಯೇ “ತಡೆ ಇಲ್ಲದಿದ್ದರೆ ಜಮಾ ಮಾಡಿ” ಎಂದಿದ್ದೇವೆ. ತಡೆ ಇದ್ದರೆ? ಅಲ್ಲೂ ವಾಕ್ಯ ಸುಮ್ಮನಿದೆ. ಇಂಗ್ಲಿಷಿನ ಅನ್‌ಲೆಸ್ ಕೂಡ ಹೀಗೇ ಅರ್ಧ ಮಾತನ್ನು ನುಂಗುತ್ತದೆ, ಓದುವವರು ಉಳಿದರ್ಧ ತಾವೇ ಸೇರಿಸಿಕೊಳ್ಳುತ್ತಾರೆ. ನುಂಗಿದ ಅರ್ಧವನ್ನು ಬೇರೆ ವಾಕ್ಯವಾಗಿ ಬರೆಯಿರಿ. ನಮ್ಮ ಸಂಘದಲ್ಲಿ ಕೇಳಿದಾಗ ಉತ್ತರ ಹೀಗಿತ್ತು: ತಡೆ ಇದ್ದರೆ ಜಮಾ ಮಾಡಬಾರದು, ಆ ಲಾಟನ್ನು ಬಾಕಿ ಪಟ್ಟಿಗೆ ಹಾಕಬೇಕು. ಕೇಳದೇ ಇದ್ದಿದ್ದರೆ ಬಾಕಿ ಪಟ್ಟಿ ಎಂಬುದು ಬೇಕು ಎಂದೇ ನಮಗೆ ಗೊತ್ತಾಗುತ್ತಿರಲಿಲ್ಲ.

ಮೂರನೇ ಹೆಜ್ಜೆ: ‘ಬೇಕು’ ಎಷ್ಟು ಬಿಗಿ ಎಂದು ಮೊದಲೇ ಹೇಳಿ

ಇದು ಚಿಕ್ಕದು. ‘ಆಗಬೇಕು’ ಎಂದರೆ ಕಡ್ಡಾಯವೂ ಹೌದು, ‘ಆದರೆ ಒಳ್ಳೆಯದು’ ಎಂಬ ಆಸೆಯೂ ಹೌದು. ‘ಬಹುದು’ ಎಂದರೆ ಅನುಮತಿಯೂ ಹೌದು, ‘ಆಗುವ ಸಾಧ್ಯತೆ ಇದೆ’ ಎಂಬುದೂ ಹೌದು. ಇಂಟರ್ನೆಟ್‌ನ ತಾಂತ್ರಿಕ ನಿಯಮ ಬರೆಯುವವರಿಗೂ ಇದೇ ಗೋಳು ಇತ್ತು. ಹಾಗಾಗಿ 1997ರ ಮಾರ್ಚ್‌ನಲ್ಲಿ ಬಂದ RFC 2119 ಎಂಬ ದಾಖಲೆಯಲ್ಲಿ `MUST`, `SHOULD`, `MAY` ಮುಂತಾದ ಪದಗಳಿಗೆ ಒಂದೊಂದೇ ಅರ್ಥ ಕಟ್ಟಿಟ್ಟರು. ಅದರ ಪ್ರಕಾರ `SHOULD` ಎಂದಿದ್ದನ್ನು ತಕ್ಕ ಕಾರಣವಿದ್ದರೆ ಬಿಡಬಹುದು, `MUST` ಎಂದಿದ್ದನ್ನು ಬಿಡುವ ಹಾಗಿಲ್ಲ. ನಾವು ಕನ್ನಡದಲ್ಲಿ ಮೂರೇ ರೂಪ ಇಟ್ಟುಕೊಂಡಿದ್ದೇವೆ: ಕಡ್ಡಾಯಕ್ಕೆ ‘ಲೇಬೇಕು’, ನಿಷೇಧಕ್ಕೆ ‘ಲೇಬಾರದು’, ಅನುಮತಿಗೆ ‘ಬಹುದು’. ಬರಿಯ ‘ಬೇಕು’ ನಮ್ಮ ನಿಯಮದ ಮೇಲ್‌ಗಳಲ್ಲಿ ಬರುವುದಿಲ್ಲ.

ನಾಲ್ಕನೇ ಹೆಜ್ಜೆ: ಷರತ್ತುಗಳನ್ನು ಒಂದರ ಕೆಳಗೆ ಒಂದು ಇಳಿಸಿ

ಕಾರ್ಯದರ್ಶಿಯವರ ಜೊತೆ ಒಂದು ಸಂಜೆ ಕೂತು ಕೇಳಿದಾಗ ‘ಮಾರಾಟ ಖಚಿತ’ ಎಂಬ ಎರಡು ಪದದೊಳಗೆ ಎರಡು ಸಂಗತಿ ಇದ್ದದ್ದು ಗೊತ್ತಾಯಿತು. ಬೆಳೆಗಾರ ಟೆಂಡರ್ ದರ ಒಪ್ಪಿರಬೇಕು. ಅಂತಿಮ ತೂಕ ದಾಖಲಾಗಿರಬೇಕು. ಇದರ ಮೇಲೆ ತಡೆಯ ವಿಷಯ. ತಡೆ ಇದ್ದರೂ ವ್ಯವಸ್ಥಾಪಕರು ಒಂದು ಲಾಟಿಗೆ ಮಾತ್ರ ಬಿಡುಗಡೆ ಕೊಡುವುದುಂಟು.

ಇದನ್ನೆಲ್ಲ ಒಂದೇ ಉಸಿರಿನಲ್ಲಿ ಬರೆದರೆ ಹೀಗಾಗುತ್ತದೆ: “ದರ ಒಪ್ಪಿ, ತೂಕ ಆಗಿ, ತಡೆ ಇಲ್ಲದಿದ್ದರೆ ಅಥವಾ ವ್ಯವಸ್ಥಾಪಕರು ಬಿಡುಗಡೆ ಕೊಟ್ಟಿದ್ದರೆ ಜಮಾ ಮಾಡಿ.” ಇಲ್ಲಿ ‘ಅಥವಾ’ ಎಲ್ಲಿಂದ ಎಲ್ಲಿಯವರೆಗೆ ಹಿಡಿಯುತ್ತದೆ? ವ್ಯವಸ್ಥಾಪಕರ ಬಿಡುಗಡೆ ತಡೆಯನ್ನಷ್ಟೇ ದಾಟಿಸುತ್ತದೋ, ಅಥವಾ ದರ ಒಪ್ಪದ, ತೂಕವಾಗದ ಲಾಟನ್ನೂ ದಾಟಿಸಿಬಿಡುತ್ತದೋ? ವಾಕ್ಯಕ್ಕೆ ಆವರಣ ಚಿಹ್ನೆ ಇಲ್ಲ. ಸಾಲು ಇಳಿಸಿ ಬರೆದರೆ ಆ ಇಳಿಸಿದ ಸಾಲೇ ಆವರಣವಾಗುತ್ತದೆ. ‘ಮತ್ತು’ ಹಾಗೂ ‘ಅಥವಾ’ ಒಂದೇ ಸಾಲಿನಲ್ಲಿ ಬಂದರೆ ಅಲ್ಲಿ ನಿಂತು ಬಿಡಿಸಬೇಕು ಎಂದು ತಿಳಿಯಿರಿ.

ಇನ್ನು ಹೊತ್ತು. ಷರತ್ತು ನಿಜವೋ ಅಲ್ಲವೋ ಎಂದು ಯಾವಾಗ ನೋಡಬೇಕು ಎಂದು ಹೇಳದಿದ್ದರೆ ‘ಆದರೆ, ಆದರೆ ಮಾತ್ರ’ ಎರಡೂ ಹಾಕಿಯೂ ಪ್ರಯೋಜನವಿಲ್ಲ. ಸಂಜೆ ಆರಕ್ಕೆ ಹಣ ಜಮಾ ಆಯಿತು, ಆರೂ ಐದಕ್ಕೆ ತಡೆ ಬಿತ್ತು ಎಂದಿಟ್ಟುಕೊಳ್ಳಿ. ದಿನದ ಕೊನೆಗೆ ನೋಡಿದರೆ ತಡೆ ಇದ್ದೂ ಜಮಾ ಆಗಿದೆ, ಟೆಸ್ಟ್ ಕೆಂಪಾಗುತ್ತದೆ. ಕೋಡಿನಲ್ಲಿ ತಪ್ಪೇನೂ ಇಲ್ಲ. ಹಾಗೆಯೇ ಖಾಲಿ ಜಾಗ. ತೂಕದ ಕಾಲಂನಲ್ಲಿ ಏನೂ ಇಲ್ಲ ಎಂದರೆ ‘ತೂಕ ಆಗಿಲ್ಲ’ ಎಂದೋ, ‘ಇನ್ನೂ ಗೊತ್ತಿಲ್ಲ’ ಎಂದೋ? ನಿಜ, ಸುಳ್ಳು ಎಂಬ ಎರಡೇ ಬೆಲೆಯ ಮೇಲೆ ನಿಂತ ನಿಯಮ ಮೂರನೆಯ ‘ಖಾಲಿ’ಯನ್ನು ಕಂಡರೆ ಎಡವುತ್ತದೆ. ಖಾಲಿ ಎಂದರೆ ಏನು ಎಂದು ಒಂದು ಸಾಲು ಬರೆದರೆ ಮುಗಿಯಿತು.

ಕೊನೆಗೆ ಕಳಿಸಿದ ಮೇಲ್ ಇದು:

> ವಿಷಯ: ಅದೇ ದಿನದ ಜಮಾ. ನಿಯಮ 4, ಆವೃತ್ತಿ 3. ಹಿಂದಿನ ಎರಡೂ ಆವೃತ್ತಿ ರದ್ದು.
>
> ಪ್ರತಿ ಟೆಂಡರ್ ದಿನ ಸಂಜೆ 6 ಗಂಟೆಗೆ ಸಾಫ್ಟ್‌ವೇರ್ ಆ ದಿನದ ಪ್ರತಿ ಲಾಟನ್ನೂ ಒಂದು ಸಲ ನೋಡುತ್ತದೆ. ಆ ಗಳಿಗೆಯಲ್ಲಿ ಕೆಳಗಿನ ಮೂರೂ ನಿಜವಾಗಿದ್ದರೆ ಆ ಲಾಟಿನ ಹಣವನ್ನು ಅಂದೇ ಜಮಾ ಮಾಡಲೇಬೇಕು. ಮೂರರಲ್ಲಿ ಒಂದಾದರೂ ನಿಜವಲ್ಲದಿದ್ದರೆ ಅಂದು ಜಮಾ ಮಾಡಲೇಬಾರದು.
>
> ಕ. ಬೆಳೆಗಾರ ದರ ಒಪ್ಪಿದ್ದು ದಾಖಲಾಗಿದೆ.
>
> ಖ. ಅಂತಿಮ ತೂಕ ದಾಖಲಾಗಿದೆ.
>
> ಗ. ಈ ಎರಡರಲ್ಲಿ ಒಂದಾದರೂ ನಿಜ: ಖಾತೆಗೆ ತಡೆ ಇಲ್ಲ; ಈ ಲಾಟಿಗೆ ವ್ಯವಸ್ಥಾಪಕರ ಬಿಡುಗಡೆ ದಾಖಲಾಗಿದೆ.
>
> ಕ, ಖ ಅಥವಾ ಬಿಡುಗಡೆಯ ದಾಖಲೆ ಖಾಲಿ ಇದ್ದರೆ ಅದನ್ನು ‘ನಿಜವಲ್ಲ’ ಎಂದು ಎಣಿಸಿ. ಜಮಾ ಆಗದ ಲಾಟು ಯಾವುದರಿಂದ ನಿಂತಿತು ಎಂಬ ಅಕ್ಷರದೊಂದಿಗೆ ಬಾಕಿ ಪಟ್ಟಿಗೆ ಹೋಗಲೇಬೇಕು. ಮರುದಿನ ಅದಕ್ಕೆ ಏನು ಎಂಬುದು ನಿಯಮ 5ರಲ್ಲಿದೆ.

‘ಆದರೆ ಮತ್ತು ಆದರೆ ಮಾತ್ರ’ ಎಂಬ ಪದಗುಚ್ಛ ಇಲ್ಲಿ ಎಲ್ಲೂ ಇಲ್ಲ, ನೋಡಿದಿರಾ? ತಂಡದೊಳಗೆ ಅದನ್ನು ಧಾರಾಳವಾಗಿ ಬಳಸುತ್ತೇವೆ. ಕಾರ್ಯದರ್ಶಿಯವರಿಗೆ ಅದು ತೊಡಕಾಗಿ ಕಂಡಿತು. ‘ಮೂರೂ ನಿಜವಾಗಿದ್ದರೆ ಲೇಬೇಕು, ಒಂದಾದರೂ ನಿಜವಲ್ಲದಿದ್ದರೆ ಲೇಬಾರದು’ ಎಂಬ ಎರಡು ವಾಕ್ಯ ಅಷ್ಟೇ ಬಿಗಿಯಾಗಿ ಅದನ್ನೇ ಹೇಳುತ್ತದೆ. ನನ್ನ ಅನುಭವದಲ್ಲಿ ಎರಡು ವಾಕ್ಯವೇ ಒಳ್ಳೆಯದು. ಓದುವವರು ಯಾವ ಅರ್ಧವನ್ನೂ ಮರೆಯುವುದಿಲ್ಲ.

ಐದನೇ ಹೆಜ್ಜೆ: ಕಳಿಸುವ ಮುಂಚೆ ಲಾಟುಗಳನ್ನು ಓಡಿಸಿ ನೋಡಿ

ಮೇಲ್ ಬರೆದು ಕೂಡಲೇ ಕಳಿಸಬೇಡಿ. ಕಾಗದದ ಮೇಲೆ ಆರು ಲಾಟು ಬರೆದುಕೊಂಡು ನಿಯಮದ ಮೂಲಕ ಓಡಿಸಿ. ಒಪ್ಪಿಗೆ, ತೂಕ, ತಡೆ, ಬಿಡುಗಡೆ, ಹೀಗೆ ನಾಲ್ಕು ಸಂಗತಿ ಇವೆ. ಪ್ರತಿಯೊಂದಕ್ಕೂ ಹೌದು ಅಥವಾ ಇಲ್ಲ ಎಂದರೆ ಒಟ್ಟು 16 ಜೋಡಣೆ. ಎಲ್ಲವನ್ನೂ ಕಂಪ್ಯೂಟರ್ ನೋಡಲಿ, ಮನುಷ್ಯರಿಗೆ ಆರು ಸಾಕು.

ಮೊದಲ ಲಾಟು ಎಲ್ಲ ಸರಿ ಇರುವುದು: ದರ ಒಪ್ಪಿದ್ದಾರೆ, ತೂಕ ಆಗಿದೆ, ತಡೆ ಇಲ್ಲ, ಬಿಡುಗಡೆಯೂ ಇಲ್ಲ. ಜಮಾ. ಎರಡನೆಯದರಲ್ಲಿ ಒಪ್ಪಿಗೆಯೊಂದನ್ನು ತೆಗೆಯಿರಿ, ಉಳಿದದ್ದು ಹಾಗೇ ಇರಲಿ. ಜಮಾ ಇಲ್ಲ. ಮೂರನೆಯದರಲ್ಲಿ ತೂಕವೊಂದನ್ನು ತೆಗೆಯಿರಿ. ಜಮಾ ಇಲ್ಲ. ನಾಲ್ಕನೆಯದರಲ್ಲಿ ತಡೆ ಹಾಕಿ, ಬಿಡುಗಡೆ ಬೇಡ. ಜಮಾ ಇಲ್ಲ. ಐದನೆಯದು ನಾಲ್ಕನೆಯದೇ, ಬಿಡುಗಡೆ ಸೇರಿಸಿ. ಜಮಾ. ಒಂದೊಂದೇ ಬದಲಿಸುತ್ತಾ ಹೋದದ್ದರಿಂದ ನಾಲ್ಕು ಸಂಗತಿಯೂ ಫಲವನ್ನು ತಿರುಗಿಸುತ್ತವೆ ಎಂದು ಕಂಡಿತು. ಯಾವುದಾದರೂ ಒಂದು ಸಂಗತಿ ಬದಲಿಸಿದರೂ ಫಲ ಎಂದೂ ಬದಲಾಗದಿದ್ದರೆ, ಆ ಷರತ್ತು ನಿಯಮದಲ್ಲಿ ಸುಮ್ನೆ ಕೂತಿದೆ ಎಂದರ್ಥ.

ಆರನೆಯ ಲಾಟು ನನಗೆ ಎಲ್ಲಕ್ಕಿಂತ ಮುಖ್ಯ. ಬೆಳೆಗಾರ ದರ ಒಪ್ಪಿಲ್ಲ. ತೂಕ ಆಗಿದೆ. ತಡೆ ಇದೆ, ಬಿಡುಗಡೆಯೂ ಇದೆ. ನಿಯಮದ ಪ್ರಕಾರ ಜಮಾ ಇಲ್ಲ. ‘ಅಥವಾ’ ವಾಕ್ಯವಿಡೀ ಹಬ್ಬುತ್ತದೆ ಎಂದು ಓದಿಕೊಂಡವನ ಕೋಡ್ ಇಲ್ಲಿ ಹಣ ಹಾಕಿಬಿಡುತ್ತದೆ. ಮೊದಲ ಐದು ಲಾಟಿನಲ್ಲಿ ಆ ತಪ್ಪು ಕೋಡ್ ಕೂಡ ಸರಿಯಾದ ಉತ್ತರವನ್ನೇ ಕೊಡುತ್ತದೆ. ಒಮ್ಮೆ ಓಡಿಸಿ ನೋಡಿ, ನಂಬಿಕೆ ಬರುತ್ತದೆ.

```python
ok    = agreed and weighed and (not hold or release)
wrong = agreed and weighed and not hold or release
```

ಒಂದು ಜೊತೆ ಆವರಣದ ವ್ಯತ್ಯಾಸ. ಪೈಥಾನಿನಲ್ಲಿ `and` ಮೊದಲು, `or` ಆಮೇಲೆ ಕಟ್ಟಿಕೊಳ್ಳುವುದರಿಂದ ಎರಡನೇ ಸಾಲಿನಲ್ಲಿ `release` ಒಂದಿದ್ದರೆ ಸಾಕು, ಉಳಿದದ್ದೆಲ್ಲ ಲೆಕ್ಕಕ್ಕಿಲ್ಲ. ಈ ಆರು ಲಾಟನ್ನು ಉತ್ತರದ ಸಮೇತ ಮೇಲ್‌ನ ಕೆಳಗೆ ಅಂಟಿಸಿ ಕಳಿಸಿ. ಕಾರ್ಯದರ್ಶಿಯವರು ನಿಯಮವನ್ನು ಬೇಗ ಓದಿ ಮುಗಿಸಿದರು, ಲಾಟುಗಳನ್ನು ಮಾತ್ರ ಒಂದೊಂದಾಗಿ ಕೂತು ನೋಡಿದರು. ಅವರಿಗೆ ಗೊತ್ತಿರುವುದು ಲಾಟು.

ಎಲ್ಲಕ್ಕೂ ಎರಡೂ ಬದಿ ಕಟ್ಟಬೇಡಿ

ಬಿಗಿ ಮಾಡುವುದು ಒಮ್ಮೆ ಗೊತ್ತಾದ ಮೇಲೆ ಎಲ್ಲ ಕಡೆ ಬಿಗಿ ಮಾಡುವ ಆಸೆ ಬರುತ್ತದೆ. ಅದೂ ತಪ್ಪು ನಿಯಮವೇ. “ಹಣ ಜಮಾ ಆಗಿದ್ದರೆ ಬೆಳೆಗಾರರಿಗೆ ಎಸ್ಸೆಮ್ಮೆಸ್ ಕಳಿಸಲೇಬೇಕು” ಎಂಬುದಕ್ಕೆ ‘ಆದರೆ’ ಸಾಕು. ಸಂಘದ ವಾರ್ಷಿಕ ಸಭೆಗೂ ಎಸ್ಸೆಮ್ಮೆಸ್ ಹೋಗುತ್ತದೆ, ಅದನ್ನು ತಡೆಯಬಾರದಲ್ಲ. “ವ್ಯವಸ್ಥಾಪಕರ ಲಾಗಿನ್ ಆಗಿದ್ದರೆ ಮಾತ್ರ ಬಿಡುಗಡೆ ಕೊಡಬಹುದು” ಎಂಬುದಕ್ಕೆ ‘ಮಾತ್ರ’ ಸಾಕು. ಲಾಗಿನ್ ಆದ ಕೂಡಲೇ ಬಿಡುಗಡೆ ಕೊಡಲೇಬೇಕು ಎಂದೇನಿಲ್ಲ. ಮತ್ತೆ ಮೊದಲ ಹೆಜ್ಜೆಯ ಎರಡು ಪ್ರಶ್ನೆಗೆ ಹೋಗಿ, ಉತ್ತರ ಅಲ್ಲೇ ಸಿಗುತ್ತದೆ.

ನಿಯಮ ಬದಲಾದಾಗ

ಎರಡೂ ಬದಿ ಕಟ್ಟಿದ ನಿಯಮಕ್ಕೆ ಒಂದು ಗುಣ ಇದೆ. ಅದು ‘ಇಷ್ಟೇ, ಇನ್ನಿಲ್ಲ’ ಎಂದು ಹೇಳುತ್ತದೆ. ಹಾಗಾಗಿ ಅದರ ಪಕ್ಕದಲ್ಲಿ ಇನ್ನೊಂದು ವಾಕ್ಯ ಸೇರಿಸಿದರೆ ಎರಡೂ ಜಗಳ ಆಡುತ್ತವೆ. ಬರಿಯ ‘ಆದರೆ’ ಇದ್ದಾಗ ಹಾಗಲ್ಲ, ಹತ್ತು ‘ಆದರೆ’ಗಳನ್ನು ಹತ್ತು ಮೇಲ್‌ನಲ್ಲಿ ಸೇರಿಸುತ್ತಾ ಹೋಗಬಹುದು.

ಎರಡು ತಿಂಗಳ ನಂತರ ಕಾರ್ಯದರ್ಶಿಯವರು ಮತ್ತೆ ಫೋನ್ ಮಾಡಿದರು. ಟೆಂಡರ್ ದಿನ ಸಂಜೆ ಕರೆಂಟ್ ಹೋಗಿ ತೂಕ ದಾಖಲಿಸುವುದು ತಡವಾದರೆ, ಅಡಿಕೆ ಸಂಘಕ್ಕೆ ಬಂದಾಗ ತೂಗಿದ ತೂಕದ ಮೇಲೆಯೇ ಹಣ ಕೊಡಬೇಕು ಎಂದರು. ನನ್ನ ಕೈ ಮೊದಲು ಹೋದದ್ದು ಹೊಸ ಮೇಲ್ ಬರೆಯಲು: “ಬಂದಾಗಿನ ತೂಕ ದಾಖಲಾಗಿದ್ದರೆ ಜಮಾ ಮಾಡಲೇಬೇಕು.” ಹಾಗೆ ಕಳಿಸಿದ್ದರೆ ಒಂದು ಮೇಲ್ ಖ ನಿಜವಲ್ಲದಿದ್ದರೆ ಮಾಡಲೇಬಾರದು ಎನ್ನುತ್ತಿತ್ತು, ಇನ್ನೊಂದು ಅದೇ ಲಾಟಿಗೆ ಮಾಡಲೇಬೇಕು ಎನ್ನುತ್ತಿತ್ತು. ಯಾವುದು ಗೆಲ್ಲಬೇಕು ಎಂಬುದನ್ನು ಕಾರವಾರದ ಹುಡುಗ ತಾನೇ ತೀರ್ಮಾನಿಸಬೇಕಾಗುತ್ತಿತ್ತು.

ಹೊಸ ಮೇಲ್ ಬರೆಯಲಿಲ್ಲ. ಹಳೆಯದನ್ನೇ ತೆರೆದು ವಿಷಯದ ಸಾಲಿನಲ್ಲಿ ‘ಆವೃತ್ತಿ 4, ಹಿಂದಿನ ಮೂರೂ ರದ್ದು’ ಎಂದು ಬದಲಿಸಿದೆ. ಖ ಸಾಲನ್ನು ಹೀಗೆ ತಿದ್ದಿದೆ:

> ಖ. ಈ ಎರಡರಲ್ಲಿ ಒಂದಾದರೂ ನಿಜ: ಅಂತಿಮ ತೂಕ ದಾಖಲಾಗಿದೆ, ಆ ದಿನ ‘ಕರೆಂಟ್ ಇಲ್ಲ’ ಎಂಬ ಗುರುತು ಹಾಕಲಾಗಿದೆ ಮತ್ತು ಬಂದಾಗಿನ ತೂಕ ದಾಖಲಾಗಿದೆ.

ಕಳಿಸುವ ಮುಂಚೆ ಓದಿ ನೋಡಿದರೆ ‘ಒಂದಾದರೂ’ ಮತ್ತು ‘ಮತ್ತು’ ಒಂದೇ ಸಾಲಿನಲ್ಲಿ ಬಂದಿದ್ದವು. ಸಾಲು ಇಳಿಸಿ ಖ1, ಖ2 ಎಂದು ಬಿಡಿಸಿದೆ. ಎರಡು ತೂಕವೂ ದಾಖಲಾಗಿದ್ದರೆ ಯಾವುದರ ಮೇಲೆ ಹಣ ಎಂಬ ಪ್ರಶ್ನೆ ಆಗ ಹೊಳೆಯಿತು. ಅದಕ್ಕೆ ಕಾರ್ಯದರ್ಶಿಯವರಿಗೆ ಮತ್ತೆ ಫೋನ್ ಮಾಡಿ, ಅಂತಿಮ ತೂಕದ ಮೇಲೆಯೇ ಎಂದು ಕೇಳಿಕೊಂಡು, ಅದನ್ನೂ ಒಂದು ಸಾಲು ಬರೆದು, ಏಳನೇ ಲಾಟು ಸೇರಿಸಿ ಕಳಿಸಿದೆ.